‘ವಿಶೇಷ ವ್ಯವಸ್ಥೆ ಬೇಕಿದ್ದರೆ ತಿಳಿಸಿ’ ಅಂತ ಇಂಟರ್‌ವ್ಯೂ ಮೇಲ್ ಬಂದಿದೆಯಾ? ಹೊರಡುವ ಮುಂಚೆ ಇದನ್ನು ಓದಿ

ಕಣ್ಣು ಕಾಣದವರು, ಸ್ಕ್ರೀನ್ ರೀಡರ್ ಇಟ್ಟುಕೊಂಡು ಕೆಲಸ ಮಾಡುವವರು ದಯವಿಟ್ಟು ಪೂರ್ತಿ ಓದಿ. ಕಂಪನಿ ಹೆಸರು ಹಾಕುತ್ತಿಲ್ಲ. ಬೆಂಗಳೂರಿನ ಒಂದು ಬ್ಯಾಕ್ ಆಫೀಸ್ ಕಂಪನಿ, ಅಷ್ಟು ಸಾಕು. ಸಿಟ್ಟು ಇನ್ನೂ ಇಳಿದಿಲ್ಲ, ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ.

ಮೇಲ್ ನೋಡಿದರೆ ಯಾರಿಗೂ ಅನುಮಾನ ಬರಲ್ಲ. ಬೆಳಿಗ್ಗೆ 9.30ಕ್ಕೆ ರಿಪೋರ್ಟಿಂಗ್. ಎರಡನೇ ಗೇಟಿನಿಂದ ಬನ್ನಿ, ನಾಲ್ಕನೇ ಮಹಡಿ. ಮೊದಲು ಒಂದು ಗಂಟೆ ಕಂಪ್ಯೂಟರ್ ಟೆಸ್ಟ್, ಪಾಸಾದವರಿಗೆ ಮಧ್ಯಾಹ್ನ ಇಂಟರ್‌ವ್ಯೂ. ತರಬೇಕಾದ್ದು: ಮಾರ್ಕ್ಸ್ ಕಾರ್ಡ್‌ಗಳ ಒರಿಜಿನಲ್ ಮತ್ತು ಒಂದು ಸೆಟ್ ಜೆರಾಕ್ಸ್, ಆಧಾರ್, ಪ್ಯಾನ್, ಎರಡು ಫೋಟೋ, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್. ಲ್ಯಾಪ್‌ಟಾಪ್, ಪೆನ್ ಡ್ರೈವ್ ತರುವಂತಿಲ್ಲ. ಕೊನೆಯಲ್ಲಿ ಆ ಸಾಲು: ಅಂಗವೈಕಲ್ಯದ ಕಾರಣ ನಿಮಗೆ ಯಾವುದೇ ವ್ಯವಸ್ಥೆ ಬೇಕಿದ್ದರೆ ಈ ಮೇಲ್‌ಗೆ ಉತ್ತರಿಸಿ, ನಾವು ಮಾಡಿಕೊಡುತ್ತೇವೆ.

ನಿಜ ಹೇಳಬೇಕೆಂದರೆ ಆ ಸಾಲು ಕೇಳಿ ಖುಷಿಯಾಯಿತು. ಎಷ್ಟು ಕಂಪನಿಗಳು ಇದನ್ನು ಕೇಳುತ್ತವೆ ಹೇಳಿ? ಅವತ್ತೇ ಉತ್ತರ ಬರೆದೆ. ನನಗೆ ಪೂರ್ತಿ ಕಣ್ಣು ಕಾಣುವುದಿಲ್ಲ, ಟೆಸ್ಟ್ ಕೊಡುವ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಇರಬೇಕು, ಅದು ತೆರೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್ ಸಾಫ್ಟ್‌ವೇರ್, ಜೊತೆಗೆ ಒಂದು ಹೆಡ್‌ಫೋನ್. ಬ್ಯಾಂಕ್ ಪರೀಕ್ಷೆಗಳಲ್ಲಿ ಕೊಡುವ ಹಾಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ. ಪ್ರಶ್ನೆಗಳು ಚಿತ್ರದ ರೂಪದಲ್ಲಿ ಇರಬಾರದು, ಅಕ್ಷರದಲ್ಲೇ ಇರಬೇಕು. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿನ ಸ್ಕ್ಯಾನ್ ಕೂಡ ಹಾಕಿದೆ. ಒಂದೇ ಸಾಲಿನ ಉತ್ತರ ಬಂತು: ‘ನೋಟೆಡ್. ವಿಲ್ ಬಿ ಟೇಕನ್ ಕೇರ್ ಆಫ್.’

ನನ್ನ ತಮ್ಮ ಕಾಲೇಜಿಗೆ ರಜೆ ಹಾಕಿ ಜೊತೆಗೆ ಬಂದ. ರಾತ್ರಿ ಬಸ್ಸಿನಲ್ಲಿ ಬಂದು, ಬಸ್ ಸ್ಟ್ಯಾಂಡಿನಲ್ಲೇ ಮುಖ ತೊಳೆದು ಹೋದೆವು. ಗೇಟಿನಲ್ಲಿ ಸೆಕ್ಯುರಿಟಿ, ‘ಜೊತೆಗೆ ಬಂದವರು ಒಳಗೆ ಬರೋ ಹಂಗಿಲ್ಲ ಮೇಡಂ’ ಅಂದರು. ಫೋನೂ ಅಲ್ಲೇ ಕೊಡಬೇಕಂತೆ. ಆಗಲಿ, ಒಳಗೆ ವ್ಯವಸ್ಥೆ ಇದೆಯಲ್ಲ ಅಂತ ಕೊಟ್ಟೆ. ಒಬ್ಬರು ತೋಳು ಹಿಡಿದು ಎಳೆದುಕೊಂಡೇ ಲಿಫ್ಟಿಗೆ ಕರೆದೊಯ್ದರು. ನಿಮ್ಮ ಮೊಣಕೈಯನ್ನು ನಮಗೆ ಹಿಡಿಯಲು ಬಿಡಿ, ಎಳೀಬೇಡಿ ಅಂತ ಎಷ್ಟು ಸಲ ಹೇಳಬೇಕೋ.

ಟೆಸ್ಟ್ ರೂಮಿನಲ್ಲಿ ಕೂರಿಸಿದರು. ಕೀಬೋರ್ಡ್ ಮುಟ್ಟಿದೆ, ಕಂಪ್ಯೂಟರ್ ಏನೂ ಮಾತಾಡಲಿಲ್ಲ. ಹೆಡ್‌ಫೋನ್ ಹುಡುಕಿದೆ, ಇರಲಿಲ್ಲ. ಎಚ್‌ಆರ್ ಮೇಡಂ ಬಂದು, ‘ಸ್ಕ್ರೀನ್ ಮೇಲೆ ಇನ್‌ಸ್ಟ್ರಕ್ಷನ್ಸ್ ಇದೆ, ಓದಿಕೊಳ್ಳಿ’ ಅಂದರು. ನನ್ನ ಬಿಳಿ ಕೋಲು ಮೇಜಿಗೆ ಒರಗಿಸಿಟ್ಟಿದ್ದೆ. ಆಮೇಲೆ ಅವರಿಗೆ ಅದು ಕಂಡಿತು ಅಂತ ಕಾಣುತ್ತೆ, ಮಾತು ನಿಂತಿತು.

ನಾನು ಮೇಲ್ ವಿಷಯ ಹೇಳಿದೆ. ಅವರು ಹಾಳೆ ತಿರುವಿದ ಸದ್ದು ಕೇಳಿಸಿತು. ‘ಇಲ್ಲ ಮೇಡಂ, ನಿಮ್ಮ ಹೆಸರಿನ ಮುಂದೆ ಸ್ಪೆಷಲ್ ರಿಕ್ವೈರ್‌ಮೆಂಟ್ ಕಾಲಮ್‌ನಲ್ಲಿ ನಿಲ್ ಅಂತ ಇದೆ.’

ನಿಲ್! ಅಷ್ಟು ಬರೆದಿದ್ದೆ, ಕಾರ್ಡ್ ಕಳಿಸಿದ್ದೆ, ಉತ್ತರವೂ ಬಂದಿತ್ತು. ನಿಲ್. ಅಕ್ಕಪಕ್ಕದವರೆಲ್ಲ ಟೈಪ್ ಮಾಡುವುದು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು. ಕಿವಿ ಬಿಸಿಯಾಯಿತು. ನಾನೇ ಸುಳ್ಳು ಹೇಳಿಕೊಂಡು ಬಂದ ಹಾಗೆ ಅನಿಸಿಬಿಟ್ಟಿತು.

‘ನೀವು ಉತ್ತರ ಕಳಿಸಿದ್ದು ರಿಕ್ರೂಟ್‌ಮೆಂಟ್ ಟೀಮ್‌ಗೆ. ಅದು ಅವರ ಸಾಫ್ಟ್‌ವೇರಿನಲ್ಲಿ ಕೂರುತ್ತೆ. ನಮಗೆ ಬರೋದು ಬರೀ ಎಕ್ಸೆಲ್ ಶೀಟ್. ಯಾರಾದರೂ ತುಂಬಿಸದಿದ್ದರೆ ನಿಲ್ ಅಂತಲೇ ಇರುತ್ತೆ.’ ಸರಿ, ಮತ್ತೆ ಆ ಸಾಲು ಯಾಕೆ ಹಾಕುತ್ತೀರಿ ಅಂದೆ. ‘ಅದು ಟೆಂಪ್ಲೇಟ್ ಮೇಡಂ, ಎಲ್ಲರಿಗೂ ಹೋಗುತ್ತೆ.’

ಇದಕ್ಕಿಂತ ಚೆಂದದ ಮಾತು ಇನ್ನೊಂದಿದೆ. ‘ನೀವು ನಿಮ್ಮ ಲ್ಯಾಪ್‌ಟಾಪನ್ನೇ ತರಬಹುದಿತ್ತಲ್ವಾ?’ ತರುವಂತಿಲ್ಲ ಅಂತ ಅದೇ ಮೇಲ್‌ನಲ್ಲಿ ಇತ್ತಲ್ಲ ಅಂದರೆ, ‘ಅದು ಜನರಲ್ ಕ್ಯಾಂಡಿಡೇಟ್ಸ್‌ಗೆ’ ಅಂತೆ.

ಐಟಿ ಹುಡುಗನನ್ನು ಕರೆಸಿದರು. ಪಾಪ, ಅವನೊಬ್ಬನೇ ಸರಿಯಾಗಿ ಮಾತಾಡಿದ್ದು. ಎನ್‌ವಿಡಿಎ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು, ಅದಕ್ಕೆ ಟಿಕೆಟ್ ಹಾಕಬೇಕು, ಅದು ಒಪ್ಪಿಗೆಯಾಗಲು ಮಾರನೇ ದಿನ ಆಗುತ್ತೆ. ಪೆನ್ ಡ್ರೈವಿನಿಂದ ಇನ್‌ಸ್ಟಾಲ್ ಮಾಡದೆಯೇ ನಡೆಸಬಹುದಿತ್ತು, ಯುಎಸ್‌ಬಿ ಪೋರ್ಟ್ ಬ್ಲಾಕ್ ಆಗಿದೆ. ಕೊನೆಗೆ ನಾನೇ ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಒಟ್ಟಿಗೆ ಒತ್ತಿ ಅಂದೆ. ವಿಂಡೋಸ್‌ನಲ್ಲೇ ಬರುವ ನರೇಟರ್ ಮಾತಾಡಲು ಶುರು ಮಾಡಿತು. ಸ್ಪೀಕರ್‌ನಲ್ಲಿ, ಇಡೀ ರೂಮಿಗೆ ಕೇಳುವ ಹಾಗೆ.

ಅಷ್ಟರಲ್ಲಿ ಟೈಮರ್ ಓಡುತ್ತಿತ್ತು. ಲಾಗಿನ್ ಆದ ಕ್ಷಣದಿಂದ ಶುರುವಾಗುವ ಟೈಮರ್, ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ನಿಲ್ಲಿಸಿ ಅಂದೆ, ಅದು ಟೆಸ್ಟ್ ಸಾಫ್ಟ್‌ವೇರ್ ಕೊಟ್ಟ ವೆಂಡರ್ ಕೈಯಲ್ಲಿದೆಯಂತೆ. ಇಂಗ್ಲಿಷ್ ವಾಕ್ಯಗಳ ಪ್ರಶ್ನೆಗಳನ್ನು ಮಾಡಿದೆ. ಆಮೇಲೆ ಟೇಬಲ್ ನೋಡಿ ಉತ್ತರಿಸುವ ಭಾಗ ಬಂತು. ನರೇಟರ್ ‘ಇಮೇಜ್’ ಅಂದು ಸುಮ್ಮನಾಯಿತು. ಮುಂದಿನದು, ‘ಇಮೇಜ್’. ಅದರ ಮುಂದಿನದೂ ‘ಇಮೇಜ್’. ಟೇಬಲ್‌ಗಳ ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿದ್ದರು. ಸ್ಕ್ರೀನ್ ರೀಡರ್ ಇದ್ದರೂ ಪ್ರಯೋಜನವಿಲ್ಲ ಅನ್ನುವುದು ಇಂಥ ಕಡೆ. ಅದಕ್ಕೇ ಮೇಲ್‌ನಲ್ಲಿ ಅದನ್ನು ಬೇರೆಯಾಗಿ ಬರೆದಿದ್ದು. ರಿಸೆಪ್ಷನ್‌ನ ಹುಡುಗಿಯನ್ನು ಓದಲು ಕೂರಿಸಿದರು. ಎರಡು ಸಾಲು ಓದುವಷ್ಟರಲ್ಲಿ ಸ್ಕ್ರೀನ್ ಮುಚ್ಚಿತು.

ಹೊರಡುವಾಗ ಎಚ್‌ಆರ್ ಹೇಳಿದ್ದು: ‘ಇಷ್ಟು ದೂರ ಬಂದಿದ್ದೀರಲ್ಲ, ಯು ಆರ್ ಸೋ ಬ್ರೇವ್.’ ನನಗೆ ಶಹಬ್ಬಾಸ್‌ಗಿರಿ ಬೇಡ ಮೇಡಂ, ಹೆಡ್‌ಫೋನ್ ಬೇಕಿತ್ತು.

ಟೆಸ್ಟ್ ಮತ್ತೆ ಇಡಿ ಅಂತ ಬರೆದೆ. ‘ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಕ್ರಿಯೆ’ ಅಂತ ಉತ್ತರ. ಹಾಗಾದರೆ ನಿಮ್ಮ ಸಮಾನ ಅವಕಾಶ ನೀತಿಯ ಪ್ರತಿ ಮತ್ತು ಅಂಗವಿಕಲರ ನೇಮಕ, ಸೌಲಭ್ಯ ನೋಡಿಕೊಳ್ಳುವ ಲಯಸನ್ ಆಫೀಸರ್ ಹೆಸರು ಕೊಡಿ ಅಂದೆ. ‘ಅದು ಇಂಟರ್ನಲ್ ಡಾಕ್ಯುಮೆಂಟ್’ ಅಂದರು. ಇದನ್ನು ನೆನಪಿಟ್ಟುಕೊಳ್ಳಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಖಾಸಗಿ ಕಂಪನಿಯೂ ಈ ನೀತಿಯನ್ನು ಪ್ರಕಟಿಸಬೇಕು. 2017ರ ನಿಯಮಗಳಲ್ಲಿ, ವೆಬ್‌ಸೈಟಿನಲ್ಲಿ ಹಾಕಿ, ಇಲ್ಲದಿದ್ದರೆ ಆಫೀಸಿನಲ್ಲಿ ಎದ್ದು ಕಾಣುವ ಕಡೆ ಹಾಕಿ ಅಂತಿದೆ. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲಯಸನ್ ಆಫೀಸರ್ ನೇಮಕದ ವಿಷಯ ಆ ನೀತಿಯಲ್ಲೇ ಇರಬೇಕು. ಗೋಡೆಗೆ ಅಂಟಿಸಬೇಕಾದ್ದು ಇಂಟರ್ನಲ್ ಹೇಗಾಗುತ್ತೆ?

ಅದಕ್ಕೇ ಹೇಳುತ್ತೇನೆ, ‘ನೋಟೆಡ್’ ಅನ್ನೋ ಉತ್ತರ ನಂಬಿ ಬಸ್ ಟಿಕೆಟ್ ಮಾಡಬೇಡಿ. ಆ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಹಾಕಿ ನೋಡಿದವರು ಯಾರು, ಅವರ ಹೆಸರು ಕೇಳಿ. ಟೆಸ್ಟಿನ ಒಂದು ಸ್ಯಾಂಪಲ್ ಲಿಂಕ್ ಕೇಳಿ, ಮನೆಯಲ್ಲೇ ತೆರೆದು ನೋಡಿ. ‘ಇಮೇಜ್’ ಅಂದರೆ ಅಲ್ಲೇ ಬರೆದು ತಿಳಿಸಿ. ಟೈಮರ್ ಯಾರು ನಿಲ್ಲಿಸಬಲ್ಲರು ಅಂತಲೂ ಕೇಳಿ. ಜಾಸ್ತಿ ಕೇಳಿದರೆ ಕೆಲಸ ಕೊಡಲ್ಲ ಅಂತ ಹೆದರಬೇಡಿ, ಕೇಳದೆ ಹೋದರೂ ಕೊಡಲ್ಲ, ನೋಡಿದೆನಲ್ಲ.

ನಾನು ಕಳಿಸಿದ ಮೇಲ್, ಅವರ ‘ನೋಟೆಡ್’, ‘ಇಂಟರ್ನಲ್ ಡಾಕ್ಯುಮೆಂಟ್’ ಅನ್ನುವ ಉತ್ತರ, ಮೂರನ್ನೂ ಸೇರಿಸಿ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಟ್ಟಿದ್ದೇನೆ. ನಿಮಗೂ ಎಲ್ಲಾದರೂ ಹೀಗೇ ಆಗಿದ್ದರೆ ಮೇಲ್‌ಗಳನ್ನು ಡಿಲೀಟ್ ಮಾಡಬೇಡಿ, ನನಗೆ ಮೆಸೇಜ್ ಮಾಡಿ.