ದತ್ತು ಪುಸ್ತಕ ಕೊಳ್ಳುವ ಮೊದಲು ನಿಮ್ಮಿಬ್ಬರ ವಯಸ್ಸು ಕೂಡಿಸಿ

ದತ್ತು ತೆಗೆದುಕೊಳ್ಳುವ ಯೋಚನೆಯಲ್ಲಿರುವವರಿಗೆ ಸಾಮಾನ್ಯವಾಗಿ ಹೇಳುವ ಮೂರು ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದೆವು. ವಿನೀತಾ ಭಾರ್ಗವ ಅವರ 'ಅಡಾಪ್ಷನ್ ಇನ್ ಇಂಡಿಯಾ' (2005), ಕ್ಯಾರಿನ್ ಪರ್ವಿಸ್ ಮತ್ತು ಸಂಗಡಿಗರ 'ದಿ ಕನೆಕ್ಟೆಡ್ ಚೈಲ್ಡ್' (2007), ಬೆಟ್ಸಿ ಕೀಫರ್ ಮತ್ತು ಜೇನ್ ಸ್ಕೂಲರ್ ಅವರ 'ಟೆಲ್ಲಿಂಗ್ ದಿ ಟ್ರೂತ್ ಟು ಯುವರ್ ಅಡಾಪ್ಟೆಡ್ ಆರ್ ಫಾಸ್ಟರ್ ಚೈಲ್ಡ್'. ಮೂರೂ ಇಂಗ್ಲಿಷಿನವು. ಯಾವುದನ್ನು ಮೊದಲು ಓದಬೇಕು ಎಂಬುದನ್ನು ಒಂದು ಸಣ್ಣ ಲೆಕ್ಕ ತೀರ್ಮಾನಿಸುತ್ತದೆ.

ಶಿರಸಿಯ ಒಂದು ದಂಪತಿ ಎಂದುಕೊಳ್ಳಿ: ಗಂಡನಿಗೆ 46, ಹೆಂಡತಿಗೆ 41. ಕೂಡಿದರೆ 87. 2022ರ ದತ್ತು ನಿಯಮಾವಳಿಯಲ್ಲಿ ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ವಯಸ್ಸಿನ ಮೊತ್ತ 85 ದಾಟಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ ಮಿತಿ 90. ಅಂದರೆ ಇವರ ಮನೆಗೆ ತೊಟ್ಟಿಲ ಕೂಸು ಬರುವುದಿಲ್ಲ. ನಡೆಯುವ, ಮಾತಾಡುವ, ಇನ್ನೊಂದು ಜಾಗದ ನೆನಪಿರುವ ಮಗು ಬರುತ್ತದೆ.

ಕಾನೂನಿಗಾಗಿ ಭಾರ್ಗವ ಅವರ ಪುಸ್ತಕ ಕೊಳ್ಳಬೇಡಿ. ಅದು ಬಂದ ಮೇಲೆ 2015ರ ಬಾಲನ್ಯಾಯ ಕಾಯ್ದೆ ಬಂತು, ನಂತರ 2021ರ ತಿದ್ದುಪಡಿಯಿಂದ ದತ್ತು ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿಗೆ ಹೋಯಿತು. ಅದೂ ಮಗು ಇರುವ ದತ್ತು ಸಂಸ್ಥೆಯ ಜಿಲ್ಲೆಯವರಿಗೆ. ನೀವು ಶಿರಸಿಯವರೆಂದು ಆದೇಶ ಕಾರವಾರದಿಂದಲೇ ಬರಬೇಕೆಂದಿಲ್ಲ. ಕಾನೂನಿನ ಭಾಗಕ್ಕೆ ಕೇಂದ್ರದ ದತ್ತು ಪ್ರಾಧಿಕಾರವಾದ 'ಕಾರಾ'ದ ಜಾಲತಾಣದಲ್ಲಿರುವ ನಿಯಮಾವಳಿಯನ್ನೇ ಓದಿ. ಮಗುವಿನ ವಿವರ ತೋರಿಸಿದ ಮೇಲೆ ಕಾಯ್ದಿರಿಸಲು 48 ಗಂಟೆ ಮಾತ್ರ ಎಂಬುದು ಅದರಲ್ಲಿದೆ. ನೆಟ್‌ವರ್ಕ್ ಸಿಗದ ಘಟ್ಟದ ಊರಿನಲ್ಲಿರುವವರು ನೋಂದಣಿಗೆ ಕೊಟ್ಟ ಮೊಬೈಲನ್ನು ದಿನವೂ ನೋಡುವ ವ್ಯವಸ್ಥೆ ಮಾಡಿಕೊಳ್ಳಬೇಕು. ಆಸ್ಪತ್ರೆಯಿಂದ ನೇರವಾಗಿ 'ಮಗು ಕೊಡಿಸುತ್ತೇವೆ' ಎನ್ನುವವರಿಗೆ ಹೂಂ ಅನ್ನಬಾರದು ಏಕೆಂಬುದಕ್ಕೂ ಉತ್ತರ ಕಾಯ್ದೆಯಲ್ಲೇ ಇದೆ: 80ನೇ ಕಲಂ ಪ್ರಕಾರ ಕೊಟ್ಟವರಿಗೂ ಪಡೆದವರಿಗೂ ಮೂರು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಹಾಗಾದರೆ ಭಾರ್ಗವ ಅವರದು ಏತಕ್ಕೆ? ನಮ್ಮ ದೇಶದ ದತ್ತು ಕುಟುಂಬಗಳ ಅನುಭವಕ್ಕೆ. ಆ ಭಾಗ ಹಳತಾಗಿಲ್ಲ.

87ರ ದಂಪತಿ ಮೊದಲು ಓದಬೇಕಾದದ್ದು 'ದಿ ಕನೆಕ್ಟೆಡ್ ಚೈಲ್ಡ್'. ಮೂರು ವರ್ಷದ ಮಗು ದಿಂಬಿನ ಕೆಳಗೆ ಬಾಳೆಹಣ್ಣು ಬಚ್ಚಿಡುತ್ತದೆ ಎಂದುಕೊಳ್ಳಿ. ಅದನ್ನು ಕಳ್ಳತನ ಎಂದು ಬೈದರೆ ಬಚ್ಚಿಡುವುದು ಹೆಚ್ಚುತ್ತದೆ; ಊಟ ಮತ್ತೆ ಸಿಗುತ್ತದೆಂಬ ನಂಬಿಕೆ ಮಗುವಿಗೆ ಇನ್ನೂ ಬಂದಿಲ್ಲ. ಕೈಗೆಟಕುವ ಬುಟ್ಟಿಯಲ್ಲಿ ಹಣ್ಣು ಇಟ್ಟು 'ಇದು ನಿನ್ನದು, ಮುಗಿದರೆ ಮತ್ತೆ ಇಡುತ್ತೇನೆ' ಎನ್ನಿ, ಇಡುತ್ತಲೂ ಇರಿ. ಮಗು ತಟ್ಟೆ ಕಸಿದುಕೊಂಡರೆ ಮೂಲೆಯಲ್ಲಿ ಕೂರಿಸುವ ಬದಲು ಪಕ್ಕದಲ್ಲೇ ಕೂರಿಸಿಕೊಳ್ಳಿ, ಅದೇ ಕೆಲಸವನ್ನು ಸರಿಯಾಗಿ ಮತ್ತೊಮ್ಮೆ ಮಾಡಿಸಿ, ಅಲ್ಲಿಗೆ ಬಿಡಿ. ಪುಸ್ತಕದ ಗಟ್ಟಿ ಭಾಗ ಇದೇ. ಮೆದುಳಿನ ರಸಾಯನದ ಅಧ್ಯಾಯವನ್ನು ಮಾತ್ರ ಮಕ್ಕಳ ವೈದ್ಯರನ್ನು ಕೇಳದೆ ಜಾರಿಗೆ ತರಬೇಡಿ.

ಇಲ್ಲಿಯವರು ಇದಕ್ಕೆ ಒಂದು ಕೆಲಸ ಸೇರಿಸಿಕೊಳ್ಳಬೇಕು. ಕಾರವಾರದ ಕೊಂಕಣಿ ಮನೆಗೆ ಬೇರೆ ಭಾಷೆಯ ಮಗು ಬರಬಹುದು. ಕರೆತರುವ ದಿನ ಆರೈಕೆ ಮಾಡುತ್ತಿದ್ದವರ ಬಳಿ ನೀರು, ಹಸಿವು, ಉಚ್ಚೆ, ನೋವು, ನಿದ್ದೆ ಇವಕ್ಕೆ ಮಗು ಆಡುವ ಮಾತು ಬರೆದುಕೊಳ್ಳಿ. ಮೊದಲ ವಾರದ ಎಷ್ಟೋ ರಂಪ ಹಟದಿಂದಲ್ಲ, ಕೇಳಿದ್ದು ಯಾರಿಗೂ ತಿಳಿಯದ್ದರಿಂದ.

ಮೊತ್ತ 85ರ ಒಳಗಿದ್ದು ಕೂಸು ಬರುವುದಾದರೆ ಕೀಫರ್-ಸ್ಕೂಲರ್ ಪುಸ್ತಕ ಮೊದಲು ಬರಲಿ. ಕೂಸಿಗೆ ನೆನಪಿಲ್ಲ, ಆದ್ದರಿಂದ ಮುಚ್ಚಿಡುವ ಆಸೆ ದೊಡ್ಡವರಿಗೆ ಹೆಚ್ಚು. ಸುಳ್ಳು ಹೇಳಬೇಡಿ, ಮಗು ಕೇಳಲಿ ಎಂದು ಕಾಯದೆ ನೀವೇ ಮಾತು ತೆಗೆಯಿರಿ, ಮನೆಯ ಹೊರಗೆ ಯಾರಿಗೆ ಹೇಳಬೇಕೆಂಬುದು ಮಗುವಿನ ಹಕ್ಕು ಎನ್ನುತ್ತದೆ ಪುಸ್ತಕ. ಮೂರನೆಯದು ನಮ್ಮಲ್ಲಿ ಅತಿ ಕಷ್ಟ. ಮದುವೆ ಮನೆಯಲ್ಲಿ ಅತ್ತೆಯೊಬ್ಬರು 'ಯಾರ ಹೋಲಿಕೆ ಇವಳದ್ದು?' ಎಂದಾಗ 'ನಮ್ಮನೆ ಮಗಳು ಅತ್ತೆ, ಊಟ ಆಯ್ತಾ?' ಎಂದರೆ ಸುಳ್ಳೂ ಆಗಲಿಲ್ಲ, ಮಗುವಿನ ಕಥೆಯನ್ನು ಹಂಚಿದಂತೆಯೂ ಆಗಲಿಲ್ಲ.

ಪುಸ್ತಕದ ಕೊರತೆ ಬೇರೆ ಕಡೆ ಇದೆ. ಹೆತ್ತವರ ಬಗ್ಗೆ ಒಂದಿಷ್ಟು ಗೊತ್ತಿರುತ್ತದೆಂಬ ಅಮೆರಿಕದ ಲೆಕ್ಕದಲ್ಲಿ ಅದು ಸಾಗುತ್ತದೆ. ಇಲ್ಲಿ ಹೆತ್ತವರು ತೊರೆದುಹೋದ ಮಗುವಿನ ಬಗ್ಗೆ ದತ್ತು ಸಂಸ್ಥೆ ಬರೆದ ಅಧ್ಯಯನ ವರದಿಯಲ್ಲಿ ಮಗು ಸಿಕ್ಕ ಜಾಗ, ದಿನಾಂಕ ಬಿಟ್ಟರೆ ಏನೂ ಇಲ್ಲದಿರಬಹುದು. ಆಗ 'ನಿನ್ನಮ್ಮ ಬಡವಳು, ಆದರೆ ನಿನ್ನನ್ನು ಬಹಳ ಪ್ರೀತಿಸುತ್ತಿದ್ದಳು' ಎಂದು ಕಟ್ಟಬೇಡಿ. ಹದಿನಾರರಲ್ಲಿ ವರದಿ ಓದಿದ ದಿನ ಅದು ಕಟ್ಟುಕಥೆ ಎಂದು ತಿಳಿದರೆ, ನೀವು ಹೇಳಿದ ನಿಜಗಳನ್ನೂ ಮಗಳು ಅನುಮಾನಿಸುತ್ತಾಳೆ. 'ಅದು ನಮಗೂ ಗೊತ್ತಿಲ್ಲ ಮಗಾ. ಗೊತ್ತಿರುವುದು ಈ ಕಾಗದದಲ್ಲಿದೆ, ನೀನು ಕೇಳಿದಾಗ ಒಟ್ಟಿಗೆ ಓದೋಣ' ಎನ್ನಿ. ವರದಿಯ ಪ್ರತಿಯನ್ನು ದತ್ತು ಆದೇಶದ ಜೊತೆಗೇ ಜೋಪಾನವಾಗಿಡಿ.