5800ಎಕ್ಸ್ ಬಿಸಿ ಇಳಿಸೋಕೆ ಬಯಾಸ್‌ನಲ್ಲಿ ಮೂರು ದಾರಿ: ನಾನು ಎಲ್ಲಿ ನಿಂತೆ

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮಹಡಿ ಮೇಲಿನ ರೂಮು. ಏಪ್ರಿಲ್‌ನಲ್ಲಿ ರಾತ್ರಿ ಎಂಟಾದರೂ ತಾರಸಿಯ ಕಾವು ಇಳಿಯುವುದಿಲ್ಲ. ಅದರ ಕೆಳಗೆ ನನ್ನ ರೈಜನ್ 7 5800ಎಕ್ಸ್. ಎಂಟೂ ಕೋರ್ ಒಂದೇ ಪುಟ್ಟ ಚಿಪ್‌ನಲ್ಲಿ ಒತ್ತೊತ್ತಾಗಿ ಇರುವುದರಿಂದ ಮೊದಲೇ ಬಿಸಿಗೆ ಹೆಸರಾದ ಪ್ರೊಸೆಸರ್ ಇದು. ಗೇಮ್ ಆಡುವಾಗ 80 ಡಿಗ್ರಿ ದಾಟುತ್ತಿತ್ತು, ಕ್ಲಾಕ್ 4.5 ಮತ್ತು 4.75 ಗಿಗಾಹರ್ಟ್ಸ್ ನಡುವೆ ಜೋಕಾಲಿ ಆಡುತ್ತಿತ್ತು. ಹೊಸ ಕೂಲರ್‌ಗೆ ದುಡ್ಡು ಹಾಕುವ ಮುಂಚೆ ವೋಲ್ಟೇಜ್ ಇಳಿಸಿ ನೋಡೋಣ ಅಂದುಕೊಂಡೆ.

ಮೊದಲು ಹಳೇ ದಾರಿ ಹಿಡಿದೆ. ಬಯಾಸ್‌ನಲ್ಲಿ ವಿಕೋರ್ ಆಫ್‌ಸೆಟ್, ಅಂದರೆ ಕೋರ್‌ಗಳಿಗೆ ಹೋಗುವ ವೋಲ್ಟೇಜ್‌ನಲ್ಲೇ ನೇರ ಕಡಿತ, ಮೈನಸ್ 0.075 ವೋಲ್ಟ್. ಬಿಸಿ ಆರು ಡಿಗ್ರಿ ಇಳಿಯಿತು, ಪಿಸಿಯ ಅಳತೆಗಳನ್ನು ತೋರಿಸುವ HWiNFOನಲ್ಲಿ ಕ್ಲಾಕ್ 4.8 ಅಂತ ತೋರಿಸಿತು. ಖುಷಿಯಾಯಿತು, ಆದರೆ ಗೇಮ್ ಮೊದಲಿಗಿಂತ ನಿಧಾನ! ಅದೇ ಪರದೆಯಲ್ಲಿ ನಿಜವಾಗಿ ಓಡಿದ ವೇಗ ಹೇಳುವ ಇನ್ನೊಂದು ಸಾಲಿದೆ, `Effective Clock`. ಅದನ್ನು ನೋಡಿದಾಗ ಗುಟ್ಟು ತಿಳಿಯಿತು. ಹೀಗೆ ಆಫ್‌ಸೆಟ್ ಹಾಕಿದರೆ ಪ್ರೊಸೆಸರ್ ಕೇಳಿದ್ದಕ್ಕಿಂತ ಕಡಿಮೆ ವೋಲ್ಟೇಜ್ ಬರುತ್ತದೆ. ಅದು ಕ್ರ್ಯಾಶ್ ಆಗದೆ ಉಳಿಯಲು ಒಳಗೊಳಗೇ ಕ್ಲಾಕ್ ಎಳೆದು ನಿಧಾನ ಮಾಡುತ್ತದೆ, ಹೊರಗೆ ಮಾತ್ರ 4.8 ಅನ್ನುತ್ತದೆ. ಈ ದಾರಿ ನನಗೆ ಅಲ್ಲಿಗೇ ಮುಗಿಯಿತು.

ಎರಡನೆಯದು ಕರ್ವ್ ಆಪ್ಟಿಮೈಸರ್, ಎಲ್ಲ ಕೋರ್‌ಗೂ ಒಂದೇ ಸಂಖ್ಯೆ. ಇಲ್ಲಿ ನಾವು ತಿದ್ದುವುದು ಯಾವ ಕ್ಲಾಕ್‌ಗೆ ಎಷ್ಟು ವೋಲ್ಟ್ ಬೇಕು ಅನ್ನುವ ಪ್ರೊಸೆಸರ್‌ನ ಸ್ವಂತ ಲೆಕ್ಕವನ್ನೇ. ಅದೇ ಕ್ಲಾಕ್‌ಗೆ ವೋಲ್ಟ್ ಕಡಿಮೆ ಸಾಕಾದಾಗ ಬಿಸಿಯೂ ಕರೆಂಟೂ ಉಳಿಯುತ್ತವೆ. ಉಳಿದ ಜಾಗದಲ್ಲಿ ಅದು ಇನ್ನಷ್ಟು ಬೂಸ್ಟ್ ಆಗುತ್ತದೆ. ಒಂದು ಹೆಜ್ಜೆ ಅಂದರೆ ಸುಮಾರು 3ರಿಂದ 5 ಮಿಲಿವೋಲ್ಟ್. ನನ್ನ ಬೋರ್ಡ್‌ನಲ್ಲಿ ದಾರಿ ಹೀಗೆ:

```
AMD Overclocking > Precision Boost Overdrive > Advanced
Curve Optimizer: All Cores
Sign: Negative
Magnitude: 30
```

ದುರಾಸೆಯಿಂದ ನೇರ 30 ಹಾಕಿದೆ. ಗೇಮ್‌ನಲ್ಲಿ 72 ಡಿಗ್ರಿ, 4.8 ಗಿಗಾಹರ್ಟ್ಸ್‌ನಲ್ಲಿ ಅಲುಗದೆ ನಿಂತಿತು. ಎಲ್ಲ ಕೋರ್‌ಗಳನ್ನೂ ದುಡಿಸುವ ಸಿನೆಬೆಂಚ್ ಪರೀಕ್ಷೆ ಅರ್ಧ ಗಂಟೆ ಓಡಿಸಿದೆ, ಏನೂ ಆಗಲಿಲ್ಲ. ಮೂರನೇ ದಿನ ಬ್ರೌಸರ್‌ನಲ್ಲಿ ಸುಮ್ನೆ ಏನೋ ಓದುತ್ತಾ ಕೂತಿದ್ದೆ, ಪರದೆ ಕಪ್ಪಾಗಿ ಪಿಸಿ ರೀಸ್ಟಾರ್ಟ್ ಆಯಿತು. ಕರೆಂಟ್ ಹೋಯ್ತೇನೋ ಅಂದುಕೊಂಡು ತಲೆ ಎತ್ತಿದೆ. ಫ್ಯಾನ್ ತಿರುಗುತ್ತಲೇ ಇತ್ತು.

ಇದು ಕರ್ವ್‌ನ ವಿಚಿತ್ರ ಗುಣ. ಎಲ್ಲ ಕೋರ್ ದುಡಿಯುವಾಗ ಕ್ಲಾಕ್ ಕೆಳಗಿರುತ್ತದೆ, ತೊಂದರೆ ಕಾಣುವುದಿಲ್ಲ. ಕೆಲಸವೇ ಇಲ್ಲದಾಗ ಒಂದು ಕೋರ್ ದಿಢೀರನೆ 4.85ಕ್ಕೆ ಜಿಗಿಯುತ್ತದಲ್ಲ, ಆಗ ವೋಲ್ಟ್ ಸಾಲದೆ ಬೀಳುತ್ತದೆ. ಹಾಗಾಗಿ ಸಿನೆಬೆಂಚ್ ಪಾಸಾದರೆ ನಂಬಬೇಡಿ.

ಯಾವ ಕೋರ್ ಬಿತ್ತು ಅನ್ನುವುದು ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಕ್ಕಿತು. `WHEA-Logger`, `Event ID 18`, ಕೆಳಗೆ `Processor APIC ID: 4`. ನನ್ನ ಪ್ರೊಸೆಸರ್‌ನಲ್ಲಿ ಪ್ರತಿ ಕೋರ್‌ಗೆ ಎರಡು ಥ್ರೆಡ್, ಆದ್ದರಿಂದ 4 ಮತ್ತು 5 ಎಂದರೆ ಕೋರ್ 2. ಇಲ್ಲೊಂದು ಪೇಚಾಟ ಇದೆ. ಬಯಾಸ್ ಸೊನ್ನೆಯಿಂದ ಎಣಿಸುತ್ತದೆ, ಎಎಂಡಿಯದೇ ಸಾಫ್ಟ್‌ವೇರ್ ರೈಜನ್ ಮಾಸ್ಟರ್ ಒಂದರಿಂದ. ಮೊದಲ ಸಲ ನಾನು ಪಕ್ಕದ ಕೋರ್ ತಿದ್ದಿ, ಮತ್ತೆ ರೀಸ್ಟಾರ್ಟ್ ಆದಾಗ ಬೋರ್ಡನ್ನೇ ಬೈದೆ.

ಹೀಗೆ ಮೂರನೇ ದಾರಿಗೆ ಬಂದೆ, `Per Core`. ಬಿದ್ದ ಕೋರ್ 2, ರೈಜನ್ ಮಾಸ್ಟರ್ ನಕ್ಷತ್ರ ಹಾಕಿ ತೋರಿಸುವ ಒಳ್ಳೆಯ ಕೋರ್‌ಗಳಲ್ಲಿ ಒಂದು. ಒಳ್ಳೆಯದು ಬೀಳೋದೇನು ಅನಿಸುತ್ತೆ ಅಲ್ವಾ? ಅದಕ್ಕೆ ಕಾರ್ಖಾನೆಯಲ್ಲೇ ವೋಲ್ಟ್ ಬಿಗಿಯಾಗಿ ಕೊಟ್ಟಿರುತ್ತಾರೆ, ಇಳಿಸಲು ಜಾಸ್ತಿ ಉಳಿದಿರುವುದಿಲ್ಲ. ಕೋರ್‌ಸೈಕ್ಲರ್ ಅನ್ನುವ ಸ್ಕ್ರಿಪ್ಟ್ ಒಂದೊಂದೇ ಕೋರ್ ಮೇಲೆ ಪ್ರೈಮ್95 ಎಂಬ ಕಠಿಣ ಪರೀಕ್ಷೆ ಓಡಿಸುತ್ತದೆ. ಅದನ್ನು SSE ಮೋಡ್‌ನಲ್ಲಿ ರಾತ್ರಿಯಿಡೀ ಬಿಟ್ಟೆ, ತಪ್ಪು ಬಂದ ಕೋರ್‌ಗೆ ಬೆಳಗ್ಗೆ ಕೆಲವು ಹೆಜ್ಜೆ ವಾಪಸ್ ಕೊಟ್ಟೆ. ಐದು ರಾತ್ರಿ ಹಿಡಿಯಿತು. ಕೊನೆಗೆ ಕೋರ್ 2ಕ್ಕೆ ಮೈನಸ್ 9, ಇನ್ನೊಂದು ನಕ್ಷತ್ರದ ಕೋರ್‌ಗೆ ಮೈನಸ್ 12, ಉಳಿದ ಆರಕ್ಕೆ 24ರಿಂದ 30. ಈ ಸಂಖ್ಯೆ ನನ್ನ ಚಿಪ್‌ನದು, ನಕಲು ಮಾಡಿದರೆ ನಿಮಗೆ ಕೆಲಸ ಮಾಡದು.

ಗೇಮ್‌ನಲ್ಲಿ ಈಗ 73 ಡಿಗ್ರಿ, ಎಫೆಕ್ಟಿವ್ ಕ್ಲಾಕ್ ಕೂಡ ತೋರಿಸಿದ ಕ್ಲಾಕ್‌ನ ಹತ್ತಿರವೇ. ಸರಾಸರಿ ಫ್ರೇಮ್ ಏರಿದ್ದು ಅಷ್ಟಕ್ಕಷ್ಟೆ, ಜನಜಂಗುಳಿಯ ದೃಶ್ಯದಲ್ಲಿ ಹಠಾತ್ತನೆ ತಡವರಿಸುತ್ತಿದ್ದುದು ನಿಂತಿತು. ಎಲ್ಲ ಕೋರ್‌ಗೂ 30 ಹಾಕಿದ್ದಕ್ಕಿಂತ ಒಂದೇ ಡಿಗ್ರಿ ಜಾಸ್ತಿ, ರೀಸ್ಟಾರ್ಟ್ ಇಲ್ಲ. ಐದು ರಾತ್ರಿಯ ತಾಳ್ಮೆ ಇಲ್ಲದವರು ಎಲ್ಲಕ್ಕೂ ಮೈನಸ್ 10ರಿಂದ ಶುರು ಮಾಡಲಿ. ನನ್ನ ಚಿಪ್‌ನಲ್ಲಿ ಹೇಗಿದ್ದರೂ ಕೋರ್ 2 ಅದಕ್ಕಿಂತ ಕೆಳಗೆ ಹೋಗಲು ಬಿಡುತ್ತಿರಲಿಲ್ಲ.

ಬಯಾಸ್ ಅಪ್‌ಡೇಟ್ ಮಾಡಿದ ದಿನ ಎಂಟೂ ಸಂಖ್ಯೆ ಅಳಿಸಿಹೋದವು. ಈಗ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ನ ಒಳಬದಿಗೆ ಅಂಟಿಸಿದ್ದೇನೆ, ಸೊನ್ನೆಯಿಂದ ಎಣಿಸಿ.