ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕರೆಂಟ್ ಬಿಲ್ ಮತ್ತು ಇನ್ವರ್ಟರ್: ಹಲವು ವರ್ಷಗಳ ಬಳಕೆಯ ನಂತರ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಹೆಚ್ಚಿನವರು ನೀರಿನ ವಿಚಾರವನ್ನು ಕೇಳುತ್ತಾರೆ, ಕರೆಂಟಿನ ವಿಚಾರವನ್ನು ಬಿಲ್ ಬಂದ ಮೇಲೆ ಯೋಚಿಸುತ್ತಾರೆ. ಮನೆ ಮಾಲೀಕರೇ ಹಾಕಿಸಿಕೊಟ್ಟ ಇನ್ವರ್ಟರ್ ಇರುವ ಮನೆಗಳಲ್ಲಿ ವರ್ಷಗಟ್ಟಲೆ ವಾಸವಾಗಿರುವ ನನ್ನ ಅಭಿಪ್ರಾಯವೆಂದರೆ, ಅಡ್ವಾನ್ಸ್ ಕೊಡುವ ಮೊದಲು ಮನೆಯ ಮೇನ್ ಸ್ವಿಚ್ಚನ್ನು ಒಮ್ಮೆ ಆಫ್ ಮಾಡಿ ನೋಡಿದರೆ ಮೀಟರಿನ ಗುಟ್ಟೂ ಇನ್ವರ್ಟರಿನ ಗುಟ್ಟೂ ಒಟ್ಟಿಗೆ ತಿಳಿಯುತ್ತವೆ.

ಮೊದಲು ಮೀಟರ್. ನಿಮ್ಮ ಮನೆಗೆ ಬೆಸ್ಕಾಂನ ಪ್ರತ್ಯೇಕ ಮೀಟರ್ ಇದೆಯೇ, ಅಥವಾ ಮಾಲೀಕರ ಮೀಟರಿನ ಕೆಳಗೆ ಸಬ್‌ಮೀಟರ್ ಇದೆಯೇ ಎಂದು ಕೇಳಿ, ಹಳೆಯ ಬಿಲ್ಲಿನ ಆರ್‌ಆರ್ ಸಂಖ್ಯೆಯನ್ನು ಮೀಟರ್ ಬೋರ್ಡಿನ ಮೇಲೆ ಬರೆದಿರುವುದರೊಂದಿಗೆ ಹೋಲಿಸಿ. ಬಳಿಕ ಮನೆಯೊಳಗಿನ ಮೇನ್ ಆಫ್ ಮಾಡಿಸಿ ಮೀಟರಿನ ಸಣ್ಣ ಕೆಂಪು ದೀಪವನ್ನು ಎರಡು ಮೂರು ನಿಮಿಷ ಗಮನಿಸಿ. ಅದು ಮಿನುಗದಿದ್ದರೆ ಸರಿ. ಮಿನುಗುತ್ತಲೇ ಇದ್ದರೆ ನಿಮ್ಮ ಮೀಟರಿನಿಂದ ಬೇರೆ ಯಾವುದಕ್ಕೋ ವಿದ್ಯುತ್ ಹೋಗುತ್ತಿದೆ. ಸಾಮಾನ್ಯವಾಗಿ ಅದು ಮೆಟ್ಟಿಲಿನ ದೀಪ ಅಥವಾ ಸಂಪಿನ ಮೋಟಾರ್. ಮೋಟಾರ್ ಸದಾ ಓಡುವುದಿಲ್ಲವಾದ್ದರಿಂದ, ಈ ಪರೀಕ್ಷೆಯ ವೇಳೆ ಅದನ್ನೂ ಒಮ್ಮೆ ಆನ್ ಮಾಡಿಸಬೇಕು. ಮೀಟರಿನ ಮೇಲೆ 3200 imp/kWh ಎಂದು ಮುದ್ರಿಸಿದ್ದರೆ, 3200 ಬಾರಿ ಮಿನುಗಿದಾಗ ಒಂದು ಯೂನಿಟ್ ಆಯಿತೆಂದು ಅರ್ಥ. ಸುಮಾರು ಒಂದು ಕಿಲೋವ್ಯಾಟ್ ಎಳೆಯುವ ಮೋಟಾರ್ ಓಡುವಾಗ ನಿಮಿಷಕ್ಕೆ ಐವತ್ತಕ್ಕಿಂತ ಸ್ವಲ್ಪ ಹೆಚ್ಚು ಸಲ ಮಿನುಗುತ್ತದೆ.

ಇಂಥ ಮೋಟಾರ್ ದಿನಕ್ಕೆ ನಲವತ್ತು ನಿಮಿಷ ಓಡಿದರೂ ತಿಂಗಳಿಗೆ ಸುಮಾರು 20 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಯೋಜನೆಯ ಕಾರಣದಿಂದ ಈ 20 ಯೂನಿಟ್ ಸಣ್ಣ ವಿಷಯವಾಗಿ ಉಳಿದಿಲ್ಲ. 2022-23ರ ಸರಾಸರಿ ಬಳಕೆಯ ಆಧಾರದಲ್ಲಿ ನಿಗದಿಯಾದ ಅರ್ಹ ಯೂನಿಟ್‌ಗಳು ಉಚಿತ. ಅದನ್ನು ಮೀರಿಯೂ 200ರೊಳಗೆ ಇದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಇಡೀ ಬಿಲ್ ನಿಮ್ಮದೇ. ಅರ್ಹತೆ 120 ಯೂನಿಟ್ ಇರುವ ಮನೆಯಲ್ಲಿ ನಿಮ್ಮ ಸ್ವಂತ ಬಳಕೆ 195 ಆಗಿದ್ದರೆ 75 ಯೂನಿಟ್‌ಗಳ ಹಣ ಕಟ್ಟುತ್ತೀರಿ. ಮೋಟಾರ್ ಸೇರಿ ಅದು 215 ಆದರೆ, 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ ಯೂನಿಟ್‌ಗೆ 5.80 ರೂಪಾಯಿಯ ಲೆಕ್ಕದಲ್ಲಿ 1,247, ಮೂರು ಕಿಲೋವ್ಯಾಟ್ ಮಂಜೂರಾತಿಗೆ ತಲಾ 145ರಂತೆ ನಿಗದಿತ ಶುಲ್ಕ 435, ಯೂನಿಟ್‌ಗೆ 36 ಪೈಸೆಯ ಪಿಂಚಣಿ ಸರ್ಚಾರ್ಜ್ ಮತ್ತು ಶೇ 9ರ ತೆರಿಗೆ ಸೇರಿ 1,870 ರೂಪಾಯಿ ಮೀರುತ್ತದೆ. ಆದ್ದರಿಂದ ಸಾಮಾನ್ಯ ಮೋಟಾರಿಗೆ ಬೇರೆ ಮೀಟರ್ ಇರಬೇಕೆಂದು ಕೇಳುವುದು ಜಿಪುಣತನವಲ್ಲ. ಹಿಂದಿನ ಬಾಡಿಗೆದಾರರ ಆಧಾರ್ ಆ ಸಂಪರ್ಕಕ್ಕೆ ಜೋಡಣೆಯಾಗಿದ್ದರೆ, ಅದನ್ನು ತೆಗೆಸಿದ ಮೇಲೆಯೇ ಸೇವಾ ಸಿಂಧುವಿನಲ್ಲಿ ನಿಮ್ಮ ನೋಂದಣಿ ಮಾಡಬೇಕಾಗುತ್ತದೆ ಎಂಬುದನ್ನೂ ನೆನಪಿಡಿ.

ಮೇನ್ ಆಫ್ ಆಗಿರುವಾಗಲೇ ಮನೆಯೊಳಗೆ ಬಂದು ಪ್ರತಿಯೊಂದು ಸ್ವಿಚ್ಚನ್ನೂ ಹಾಕಿ ನೋಡಿ. ಇನ್ವರ್ಟರ್ ಲೈನ್ ಎಲ್ಲ ಪಾಯಿಂಟ್‌ಗಳಿಗೂ ಇರುವುದಿಲ್ಲ. ಹಾಲಿನ ಫ್ಯಾನ್ ತಿರುಗಿ, ನೀವು ಕೂತು ಕೆಲಸ ಮಾಡಬೇಕೆಂದಿರುವ ಕೋಣೆಯ ಪ್ಲಗ್ ಸತ್ತಿರುವುದು ಸಾಮಾನ್ಯ. ಫ್ಯಾನ್ ಗುಂಯ್ ಎಂದು ಸದ್ದು ಮಾಡಿದರೆ ಅದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಮೂರು ಫ್ಯಾನು, ನಾಲ್ಕೈದು ದೀಪ, ವೈಫೈ ರೂಟರ್ ಸೇರಿದರೆ ಸುಮಾರು 275 ವ್ಯಾಟ್. 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಹೊಸದಾಗಿದ್ದಾಗ, ನಷ್ಟವನ್ನೆಲ್ಲ ಕಳೆದು, ಇದನ್ನು ನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲ ನಡೆಸುತ್ತದೆ. ಮಳೆಗಾಲದ ಆರಂಭದಲ್ಲಿ ಕೊಂಬೆ ಮುರಿದು ಬಿದ್ದು ಕರೆಂಟ್ ಹೋದಾಗ ಇದು ಬಹುತೇಕ ಸಾಕಾಗುತ್ತದೆ. ನಿರ್ವಹಣೆಗೆಂದು ಮುಂಚಿತವಾಗಿ ಪ್ರಕಟಿಸಿ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಪೂರೈಕೆ ನಿಲ್ಲಿಸುವ ದಿನ ಸಾಕಾಗುವುದಿಲ್ಲ. ಮೂವತ್ತು ವ್ಯಾಟಿನ ಬಿಎಲ್‌ಡಿಸಿ ಫ್ಯಾನ್‌ಗಳನ್ನು ಹಾಕಿಕೊಂಡರೆ ಅದೇ ಬ್ಯಾಟರಿ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಬರುತ್ತದೆ, ಮತ್ತು ಮನೆ ಬಿಡುವಾಗ ಅವುಗಳನ್ನು ಬಿಚ್ಚಿಕೊಂಡು ಹೋಗಬಹುದು. ನನ್ನ ಅನುಭವದಲ್ಲಿ ಬ್ಯಾಟರಿಗಿಂತ ಈ ಖರ್ಚೇ ಹೆಚ್ಚು ಸಾರ್ಥಕ. ಪೂರ್ತಿ ಖಾಲಿಯಾದ ಬ್ಯಾಟರಿ ಮತ್ತೆ ತುಂಬಲು ಸುಮಾರು ಎರಡು ಯೂನಿಟ್ ಬೇಕು, ಅದೂ ನಿಮ್ಮ ಮೀಟರಿನಲ್ಲೇ ಓಡುತ್ತದೆ.

ಮೇನ್ ಆಫ್ ಇರುವಾಗಲೇ ಎಲ್ಲ ಫ್ಯಾನುಗಳನ್ನು ಹಾಕಿ ಅರ್ಧ ಗಂಟೆ ಬಿಡಿ. ಪೂರ್ತಿ ಚಾರ್ಜ್ ಆಗಿದ್ದ ಬ್ಯಾಟರಿ ಅಷ್ಟರಲ್ಲೇ ಕೀಂ ಎಂದು ಎಚ್ಚರಿಸತೊಡಗಿದರೆ ಅದರ ಆಯುಷ್ಯ ಮುಗಿದಿದೆ. ಬ್ಯಾಟರಿಯ ಬದಿ ಉಬ್ಬಿದ್ದರೆ ಅಥವಾ ಆರು ಮುಚ್ಚಳಗಳ ಸೂಚಕಗಳಲ್ಲಿ ಒಂದು ಮಾತ್ರ ಪದೇಪದೇ ಕೆಳಗಿಳಿಯುತ್ತಿದ್ದರೆ ಆ ಕೋಶ ಕೆಡುತ್ತಿದೆ. ಡಿಸ್ಟಿಲ್ಡ್ ನೀರನ್ನು ಹಾಕುವುದು ಬಾಡಿಗೆದಾರರ ಕೆಲಸವೆಂದು ನಾನು ಒಪ್ಪುತ್ತೇನೆ. ನಲ್ಲಿ ನೀರನ್ನಾಗಲೀ ಆರ್‌ಒ ನೀರನ್ನಾಗಲೀ ಹಾಕಬಾರದು. ಆದರೆ ಹೊಸ ಬ್ಯಾಟರಿಯ ಖರ್ಚು ಯಾರದೆಂಬುದನ್ನು, ಈಗಿರುವ ಬ್ಯಾಟರಿಯ ಮೇಲಿನ ತಯಾರಿಕೆಯ ತಿಂಗಳು-ವರ್ಷ ಮತ್ತು ಮನೆಗೆ ಬಂದ ದಿನದ ಮೀಟರ್ ರೀಡಿಂಗ್ ಸಮೇತ, ಬಾಡಿಗೆ ಕರಾರಿನಲ್ಲೇ ಬರೆಸಿಕೊಳ್ಳಿ.